ಸಾರಿ, ಇನ್ನೊಂದ್ಸಲ ಹೇಳ್ತೀರಾ?

ಹೋದ ವರ್ಷ ಯುಗಾದಿ ಮುಗಿದ ಮೇಲೆ ಸುಮಾರು ಒಂದೂವರೆ ತಿಂಗಳು ಹಾಸನದ ನಮ್ಮ ಮನೆಯ ಊಟದ ಮೇಜು ಪರೀಕ್ಷಾ ಕೊಠಡಿಯಾಗಿತ್ತು. ಮೇಜಿನ ಒಂದು ಕಡೆ ಪರೀಕ್ಷಕನಾಗಿ ನಾನು, ಇನ್ನೊಂದು ಕಡೆ ಅಭ್ಯರ್ಥಿಯಾಗಿ ನನ್ನ ಮೊಮ್ಮಗಳು. ನಡುವೆ ಒಂದು ಪೆನ್ಸಿಲು, ಒಂದು ಹಾಳೆ, ನನ್ನ ಹಳೆಯ ಕೈಗಡಿಯಾರ, ಮತ್ತು ಎಷ್ಟು ಸಲ ಎತ್ತಿಟ್ಟರೂ ಮತ್ತೆ ಅಲ್ಲಿಗೇ ಬಂದು ಕೂರುವ ಉಪ್ಪಿನಕಾಯಿ ಜಾಡಿ. ಅಡುಗೆಮನೆಯಿಂದ ನನ್ನಾಕೆ ಆಗಾಗ, "ಪರೀಕ್ಷೆ ಮುಗೀತಾ? ತಟ್ಟೆ ಹಾಕಬೇಕು" ಎಂದು ಕೇಳುತ್ತಿದ್ದಳು.

ಪುಟ್ಟಿ, ಅಂದರೆ ನನ್ನ ಮೊಮ್ಮಗಳು, ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಇಂಗ್ಲೆಂಡಿಗೆ ಹೋಗಬೇಕೆಂಬುದು ಅವಳ ಆಸೆಯಾಗಿತ್ತು. ಅಲ್ಲಿ ದಾದಿಯಾಗಿ ಕೆಲಸ ಮಾಡಲು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು. ನಮ್ಮವರು ಹೆಚ್ಚಾಗಿ ಅದಕ್ಕಾಗಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿವೆ. 9ಕ್ಕೆ ಅಂಕ. ಮಾತಿನಲ್ಲಿ ಇವಳಿಗೆ 7 ಬೇಕಿತ್ತು, ಬಂದದ್ದು 6.5. ಅರ್ಧ ಅಂಕಕ್ಕೆ ಟಿಕೆಟ್ಟು, ವೀಸಾ ಎಲ್ಲ ನಿಂತುಹೋಯಿತು.

ನನಗೆ ಆಶ್ಚರ್ಯವಾಗಿತ್ತು. ಇವಳು ಮಾತಿನಲ್ಲಿ ಹಿಂದೆ ಬೀಳುವವಳಲ್ಲ. ಫೋನಿನಲ್ಲಿ ಗೆಳತಿಯರ ಜೊತೆ ಅರ್ಧ ಗಂಟೆ ಇಂಗ್ಲಿಷಿನಲ್ಲೇ ಹರಟುತ್ತಾಳೆ. "ಏನಾಯ್ತಮ್ಮ?" ಎಂದು ಕೇಳಿದೆ.

"ತಾತ, ಒಂದೆರಡು ಪ್ರಶ್ನೆ ಸರಿಯಾಗಿ ಕೇಳಿಸಲೇ ಇಲ್ಲ. ಸುಮ್ನೆ ತಲೆ ಆಡಿಸಿ 'ಯೆಸ್' ಅಂದ್ಬಿಟ್ಟೆ. ಅವರು ಕಾಯ್ತಾ ಕೂತ್ರು. ನಾನೂ ಕೂತೆ. ಆಮೇಲೆ ಒಂದು ಕಾರ್ಡ್ ಕೊಟ್ರು, ಯಾವುದೋ ನೀರಿನ ಆಟದ ಬಗ್ಗೆ ಮಾತಾಡು ಅಂತ. ನನಗೆ ಈಜೇ ಬರಲ್ಲ, ನಾನೇನು ಹೇಳ್ಲಿ?"

"ಇನ್ನೊಂದ್ಸಲ ಹೇಳಿ ಅಂತ ಕೇಳಬಾರದಿತ್ತಾ?"

"ಕೇಳಿದ್ರೆ ಇಂಗ್ಲಿಷ್ ಬರಲ್ಲ ಅಂದ್ಕೊಂಡು ಮಾರ್ಕ್ ಕಳೀತಾರೆ ಅನ್ಕೊಂಡೆ."

ಈ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏಕೆಂದರೆ ಇದೇ ಯೋಚನೆಯಿಂದ ನಾನು ಕ್ಲರ್ಕಾಗಿ ಸೇರಿ ಕ್ಲರ್ಕಾಗಿಯೇ ನಿವೃತ್ತನಾದೆ. ಮನೆಯಲ್ಲಿ ಯಾರಿಗೂ ಹೇಳಿರದ ಕಥೆ ಅದು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ.

1991. ಬ್ಯಾಂಕಿನಲ್ಲಿ ಆಫೀಸರ್ ಹುದ್ದೆಗೆ ಬಡ್ತಿಯ ಇಂಟರ್‌ವ್ಯೂ. ಲಿಖಿತ ಪರೀಕ್ಷೆ ಪಾಸಾಗಿದ್ದೆ. ಒಳಗೆ ಮೂವರು ಕುಳಿತಿದ್ದರು. ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ಮಧ್ಯದಲ್ಲಿದ್ದವರು ಇಂಗ್ಲಿಷಿನಲ್ಲಿ, "ಫ್ಯಾಕ್ಟರಿಂಗ್ ಬಗ್ಗೆ ನಿಮಗೇನು ಗೊತ್ತು?" ಎಂದು ಕೇಳಿದರು. ನನಗೆ ಕೇಳಿಸಿದ್ದು 'ಫ್ಯಾಕ್ಟರಿ'. ಯಾಕೋ ಅನುಮಾನ ಬಂತು, ಆದರೆ ಮತ್ತೆ ಕೇಳುವುದಕ್ಕೆ ನಾಚಿಕೆ. ಫ್ಯಾಕ್ಟರಿಗೆ ಸಾಲ ಕೊಡುವುದು ಹೇಗೆ, ಗೋದಾಮಿನ ಸರಕನ್ನು ಅಡ ಇಟ್ಟುಕೊಳ್ಳುವುದು ಹೇಗೆ, ಬೀಗದ ಕೈ ಯಾರ ಹತ್ತಿರ ಇರಬೇಕು, ಎಲ್ಲವನ್ನೂ ಐದು ನಿಮಿಷ ಹೇಳಿದೆ. ಅವರು ಮುಖ ಮುಖ ನೋಡಿಕೊಂಡು "ಥ್ಯಾಂಕ್ ಯು" ಎಂದರು.

ಫ್ಯಾಕ್ಟರಿಂಗ್ ಎಂದರೆ ಬೇರೆಯೇ. ಒಬ್ಬ ನೇಕಾರ ಒಂದು ಲಕ್ಷ ರೂಪಾಯಿಯ ಸೀರೆಯನ್ನು ಮೂರು ತಿಂಗಳ ಕಡವಾಗಿ ಅಂಗಡಿಯವನಿಗೆ ಮಾರಿದ ಎಂದಿಟ್ಟುಕೊಳ್ಳಿ. ನೂಲು ತರಲು ಅವನಿಗೆ ದುಡ್ಡು ಇವತ್ತೇ ಬೇಕು. ಆಗ ಒಂದು ಕಂಪನಿ ಅವನ ಆ ಬಿಲ್ಲನ್ನೇ ಕೊಂಡುಕೊಂಡು ಎಂಬತ್ತು ಸಾವಿರವನ್ನು ಈಗಲೇ ಕೊಡುತ್ತದೆ. ಮೂರು ತಿಂಗಳಾದ ಮೇಲೆ ಅಂಗಡಿಯವನಿಂದ ತಾನೇ ಹಣ ವಸೂಲು ಮಾಡಿಕೊಂಡು, ತನ್ನ ಬಡ್ಡಿ ಮತ್ತು ಕಮಿಷನ್ ಹಿಡಿದು, ಉಳಿದದ್ದನ್ನು ನೇಕಾರನಿಗೆ ಕೊಡುತ್ತದೆ. ನಮ್ಮ ದೇಶದಲ್ಲಿ ಆ ವ್ಯವಹಾರ ಆಗಷ್ಟೇ ಶುರುವಾಗುತ್ತಿತ್ತು. ನನಗೆ ಅದರ ಗಂಧವೂ ಇರಲಿಲ್ಲ. ಹಾಗಾಗಿ ಮತ್ತೆ ಕೇಳಿದ್ದರೂ ಉತ್ತರ ಗೊತ್ತಿರುತ್ತಿರಲಿಲ್ಲ. ಆದರೆ ಗೊತ್ತಿಲ್ಲದವನು ಬೇರೆ, ಕೇಳಿದ್ದೇ ಒಂದು ಹೇಳಿದ್ದೇ ಒಂದು ಮಾಡುವವನು ಬೇರೆ. ಕೌಂಟರಿನಲ್ಲಿ ಎರಡನೆಯವನು ಅಪಾಯ.

"ಇಷ್ಟು ವರ್ಷ ನನಗೆ ಹೇಳಲೇ ಇಲ್ವಲ್ಲ!" ಎಂದಳು ನನ್ನಾಕೆ. ಪುಟ್ಟಿ ಮಾತ್ರ ಮೊಸರನ್ನದ ತುತ್ತು ಕೈಯಲ್ಲೇ ಹಿಡಿದು, "ತಾತ, ನಾಳೆಯಿಂದ ನೀವೇ ಎಕ್ಸಾಮಿನರ್" ಎಂದಳು.

ಕೆಲಸ ಒಪ್ಪಿಕೊಂಡ ಮೇಲೆ ಅದರ ನಿಯಮ ತಿಳಿದುಕೊಳ್ಳದಿದ್ದರೆ ನಮ್ಮಂಥ ಬ್ಯಾಂಕಿನವರಿಗೆ ನಿದ್ದೆ ಬರುವುದಿಲ್ಲ. ಪರೀಕ್ಷೆ ನಡೆಸುವವರೇ ಪ್ರಕಟಿಸಿದ ಮಾಹಿತಿಯನ್ನು ಪುಟ್ಟಿಯ ಲ್ಯಾಪ್‌ಟಾಪಿನಲ್ಲಿ ಎರಡು ದಿನ ಕುಳಿತು ಓದಿದೆ. ಮಾತಿನ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ. ಮೊದಲು ನಾಲ್ಕೈದು ನಿಮಿಷ ಮನೆ, ಊರು, ಕೆಲಸ, ಹವ್ಯಾಸ ಹೀಗೆ ಪರಿಚಯದ ವಿಷಯಗಳ ಬಗ್ಗೆ ಪ್ರಶ್ನೆ. ಆಮೇಲೆ ಒಂದು ಕಾರ್ಡು ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಬರೆದುಕೊಳ್ಳಲು ಹಾಳೆ ಮತ್ತು ಪೆನ್ಸಿಲು, ನಂತರ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತನಾಡಬೇಕು. ಕೊನೆಯ ನಾಲ್ಕೈದು ನಿಮಿಷ ಆ ಕಾರ್ಡಿಗೆ ಸಂಬಂಧಪಟ್ಟ, ಸ್ವಲ್ಪ ಗಂಭೀರವಾದ ಚರ್ಚೆ. ಎಲ್ಲವೂ ರೆಕಾರ್ಡ್ ಆಗುತ್ತದೆ.

ಅಂಕವನ್ನು ಯಾವುದಕ್ಕೆ ಕೊಡುತ್ತಾರೆ ಎಂಬುದನ್ನು ಓದಿದಾಗ ನನ್ನ ಕಣ್ಣು ತೆರೆಯಿತು. ಮಾತು ತಡವರಿಸದೆ ಒಂದಕ್ಕೊಂದು ಹೊಂದಿಕೊಂಡು ಸಾಗುತ್ತದೆಯೇ, ಪದಗಳು ಸಾಕಷ್ಟು ಇವೆಯೇ, ವ್ಯಾಕರಣ ಹೇಗಿದೆ, ಉಚ್ಚಾರಣೆ ತಿಳಿಯುವಂತಿದೆಯೇ. ಈ ನಾಲ್ಕೇ, ನಾಲ್ಕಕ್ಕೂ ಸಮಪಾಲು. ವಿಷಯ ಎಷ್ಟು ಗೊತ್ತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಪ್ರಶ್ನೆ ಮೊದಲ ಸಲಕ್ಕೇ ಕೇಳಿಸಿತೇ ಎಂಬುದಕ್ಕೂ ಇಲ್ಲ, ಕೇಳುವ ಸಾಮರ್ಥ್ಯಕ್ಕೆ ಬೇರೆ ಪರೀಕ್ಷೆಯೇ ಇದೆ. ಒಂದೆರಡು ಸಲ ಮತ್ತೆ ಕೇಳಿದರೆ ಏನೂ ಕಳೆಯುವುದಿಲ್ಲ. ಕಳೆಯುವುದು ಸುಮ್ಮನೆ ಕುಳಿತರೆ. ಮಾತೇ ಬರದಿದ್ದರೆ ಅವರು ಯಾವುದಕ್ಕೆ ಅಂಕ ಕೊಡಬೇಕು?

ಮೊದಲ ದಿನದ ಅಭ್ಯಾಸದಲ್ಲಿ ನಾನು ಬೇಕೆಂದೇ ಒಂದು ಪ್ರಶ್ನೆಯನ್ನು ಗೊಣಗಿದೆ. ಪುಟ್ಟಿ "ಆಂ?" ಎಂದಳು. ಇನ್ನೊಂದನ್ನು ಗೊಣಗಿದೆ. "ವಾಟ್?" ಎಂದಳು. ಮೂರನೆಯದಕ್ಕೆ ಸ್ವಲ್ಪ ಎಚ್ಚರವಾಗಿ, "ಟೆಲ್ ಒನ್ಸ್ ಅಗೇನ್, ಸರ್" ಎಂದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಈ ತಪ್ಪು ಒರಟುತನದಿಂದ ಬಂದದ್ದಲ್ಲ, ಕನ್ನಡದ ಮರ್ಯಾದೆಯಿಂದ ಬಂದದ್ದು. ನಾವು 'ಹೇಳು' ಎಂದರೆ ಏಕವಚನ, 'ಹೇಳಿ' ಎಂದರೆ ಗೌರವ. ನಮ್ಮ ಮರ್ಯಾದೆಯೆಲ್ಲ ಕ್ರಿಯಾಪದದ ಬಾಲದಲ್ಲಿದೆ. "ಇನ್ನೊಂದ್ಸಲ ಹೇಳಿ ಸಾರ್" ಎಂದರೆ ಯಾವ ಮೇಷ್ಟ್ರಿಗೂ ಬೇಸರವಾಗುವುದಿಲ್ಲ. ಅದನ್ನೇ ಇಂಗ್ಲಿಷಿಗೆ ಎತ್ತಿದರೆ ಬಾಲ ಇಲ್ಲೇ ಉಳಿದುಬಿಡುತ್ತದೆ. ಅಲ್ಲಿಗೆ ತಲುಪುವುದು 'ಹೇಳು' ಮಾತ್ರ. ಕೊನೆಗೆ 'ಸರ್' ಅಂಟಿಸಿದರೂ ಆಜ್ಞೆ ಆಜ್ಞೆಯೇ. ಇಂಗ್ಲಿಷಿನಲ್ಲಿ ಮರ್ಯಾದೆ ಇರುವುದು ಮಾತನ್ನು ಪ್ರಶ್ನೆಯಾಗಿ ತಿರುಗಿಸುವುದರಲ್ಲಿ. "ಸಾರಿ, ಕುಡ್ ಯು ರಿಪೀಟ್ ದಟ್, ಪ್ಲೀಸ್?" ಎನ್ನುವುದು ಅದಕ್ಕೆ.

ಇದನ್ನು ಪುಟ್ಟಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ನನ್ನಾಕೆಯೇ ದಾರಿ ತೋರಿಸಿದಳು. "ಪಕ್ಕದ ಮನೆ ಅಜ್ಜಿ ಸಕ್ಕರೆ ಬೇಕಾದಾಗ 'ಸಕ್ಕರೆ ಕೊಡಿ' ಅನ್ನಲ್ಲ, 'ಒಂಚೂರು ಸಕ್ಕರೆ ಕೊಡ್ತೀರಾ' ಅಂತಾರಲ್ಲ, ಹಂಗೆ ಕಣೇ" ಎಂದಳು. ಪುಟ್ಟಿಗೆ ತಟ್ಟನೆ ಹೊಳೆಯಿತು. 'ಹೇಳಿ' ಅಲ್ಲ, 'ಹೇಳ್ತೀರಾ?' ನಲವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷ್ ಪತ್ರ ಬರೆದ ನನಗೆ ಹೊಳೆಯದ್ದು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಹೊಳೆಯಿತು.

ಇನ್ನೊಂದು ವಿಷಯವೂ ಅಭ್ಯಾಸದಲ್ಲಿ ತಿಳಿಯಿತು. ಉತ್ತರ ಬಾಯಿಗೆ ಬರದಿರುವುದಕ್ಕೆ ಕಾರಣ ಒಂದೇ ಅಲ್ಲ, ಕಾರಣಕ್ಕೆ ತಕ್ಕಂತೆ ಕೇಳುವ ಮಾತು ಬೇರೆಯಾಗಬೇಕು.

ಪ್ರಶ್ನೆ ಕಿವಿಗೇ ಬೀಳದಿದ್ದರೆ ಮತ್ತೆ ಹೇಳಲು ಕೇಳಿದರೆ ಸಾಕು. "ಸಾರಿ, ಐ ಡಿಡಂಟ್ ಕ್ಯಾಚ್ ದಟ್" ಎಂದು ಮುಂದೆ ಸೇರಿಸಿದರೆ, ಕೇಳಿಸಲಿಲ್ಲ ಎಂಬುದು ಅವರಿಗೆ ತಿಳಿಯುತ್ತದೆ. ಈಗ ಕೆಲವು ಕೇಂದ್ರಗಳಲ್ಲಿ ಪರೀಕ್ಷಕರು ವೀಡಿಯೊ ಕರೆಯಲ್ಲಿ ಮಾತನಾಡಿಸುತ್ತಾರೆ. ದನಿ ತುಂಡುತುಂಡಾಗಿ ಬಂದರೆ ಅದನ್ನು ಆ ಕ್ಷಣವೇ ಹೇಳಬೇಕು, ಪರೀಕ್ಷೆ ಮುಗಿದ ಮೇಲಲ್ಲ.

ಪ್ರಶ್ನೆ ಕೇಳಿಸಿ, ಅದರೊಳಗಿನ ಒಂದು ಪದ ತಿಳಿಯದಿದ್ದರೆ ಮತ್ತೆ ಹೇಳಿಸಿ ಪ್ರಯೋಜನವಿಲ್ಲ. ಮೊದಲ ಭಾಗದಲ್ಲಿ ಪರೀಕ್ಷಕರ ಮುಂದೆ ಅಚ್ಚಾದ ಪ್ರಶ್ನೆಗಳಿರುತ್ತವೆ. ಅವರು ಅದೇ ಮಾತನ್ನು ಹಾಗೆಯೇ ಮತ್ತೆ ಓದುತ್ತಾರೆ, ಬಿಡಿಸಿ ಹೇಳುವ ಸ್ವಾತಂತ್ರ್ಯ ಅವರಿಗಿಲ್ಲ. ಅದು ಗೊತ್ತಿಲ್ಲದ ಮಕ್ಕಳು, ಇವರು ಸಿಟ್ಟಾಗಿದ್ದಾರೆ ಎಂದುಕೊಂಡು ಇನ್ನಷ್ಟು ಗಾಬರಿಯಾಗುತ್ತಾರೆ. ಅಂಥ ಕಡೆ ನಾವೇ ಊಹಿಸಿ, "ನೀವು ಕೇಳುತ್ತಿರುವುದು ಇಂಥದ್ದರ ಬಗ್ಗೆಯೇ?" ಎಂದು ಒಂದು ಮಾತು ಹೇಳಿ ಉತ್ತರಕ್ಕೆ ಇಳಿಯುವುದು ಮೇಲು. ಕೊನೆಯ ಚರ್ಚೆಯ ಭಾಗದಲ್ಲಿ ಅವರಿಗೆ ಕಟ್ಟುಪಾಡು ಕಡಿಮೆ. ಅಲ್ಲಿ "ಕುಡ್ ಯು ಪುಟ್ ಇಟ್ ಅನದರ್ ವೇ, ಪ್ಲೀಸ್?" ಅಂದರೆ ಬೇರೆ ಮಾತಿನಲ್ಲಿ ಹೇಳ್ತೀರಾ ಎಂದು ಕೇಳಿದರೆ ಬಿಡಿಸಿ ಹೇಳುತ್ತಾರೆ.

ಪ್ರಶ್ನೆ ಕೇಳಿಸಿತು, ಅರ್ಥವೂ ಆಯಿತು, ಹೇಳುವುದಕ್ಕೆ ಮಾತ್ರ ಏನೂ ಹೊಳೆಯುತ್ತಿಲ್ಲ. ಆಗಲೂ ಪುಟ್ಟಿ "ಕುಡ್ ಯು ರಿಪೀಟ್" ಎನ್ನತೊಡಗಿದಳು, ಯೋಚಿಸಲು ಸಮಯ ಸಿಗಲೆಂದು. ಮೂರನೆಯ ಸಲ ನಾನು ಗಡಿಯಾರ ಕೆಳಗಿಟ್ಟೆ. ಅದು ಆಟ ಹೂಡಿದಂತೆ, ಎದುರಿಗಿದ್ದವರಿಗೆ ತಿಳಿದೇ ತಿಳಿಯುತ್ತದೆ. ಪ್ರತಿ ಪ್ರಶ್ನೆಗೂ ಹಾಗೆ ಕೇಳಿದರೆ ಮಾತಿನ ಓಟವೇ ಕಡಿಯುತ್ತದೆ, ಓಟಕ್ಕೆ ಅಂಕ ಉಂಟು. ಅದರ ಬದಲು, "ಇದರ ಬಗ್ಗೆ ನಾನು ಈವರೆಗೆ ಯೋಚಿಸಿರಲಿಲ್ಲ, ಆದರೆ..." ಎಂದು ನಿಜವನ್ನೇ ಹೇಳಿ ಶುರುಮಾಡಬಹುದು. ಅಷ್ಟು ಹೇಳುವಷ್ಟರಲ್ಲಿ ಮೂರು ನಾಲ್ಕು ಸೆಕೆಂಡು ಸಿಗುತ್ತದೆ, ಮತ್ತು ಅದೂ ಮಾತೇ.

ಯಾವುದನ್ನು ಕೇಳುವುದಾದರೂ ತಕ್ಷಣ ಕೇಳಬೇಕು. ಚೆಕ್ಕಿನಲ್ಲಿ ಅಂಕಿ ಮಸುಕಾಗಿದ್ದರೆ ನಾವು ಗಿರಾಕಿಯನ್ನು ಆಗಲೇ ಕೇಳುತ್ತಿದ್ದೆವು, ದುಡ್ಡು ಎಣಿಸಿ ಕೊಟ್ಟ ಮೇಲಲ್ಲ. ಐದಾರು ಸೆಕೆಂಡು ಮುಖ ನೋಡಿ ಆಮೇಲೆ ಕೇಳಿದರೆ ಅಭ್ಯರ್ಥಿ ತಡವರಿಸುತ್ತಿದ್ದಾಳೆ ಎಂದಾಗುತ್ತದೆ. ಇನ್ನು ತಲೆಯಾಡಿಸುವುದಂತೂ ಬೇಡವೇ ಬೇಡ. ನಮ್ಮಲ್ಲಿ ಹಿರಿಯರು ಮಾತಾಡುವಾಗ 'ಹೂಂ, ಹೂಂ' ಎನ್ನುವುದು ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆ. ಅಲ್ಲಿ ತಲೆಯಾಡಿಸಿದರೆ ಅರ್ಥವಾಗಿದೆ, ಇನ್ನು ಉತ್ತರ ಬರುತ್ತದೆ ಎಂದು ಅವರು ಕಾಯುತ್ತಾರೆ. ಪುಟ್ಟಿಗೆ ಆದದ್ದು ಅದೇ.

ಇನ್ನು ಕಾರ್ಡಿನ ಕಥೆ. ಇದು ಅವಳಿಗಿಂತ ನನಗೇ ಹೆಚ್ಚು ಕಷ್ಟವಾಯಿತು. ಬಂದ ಕಾರ್ಡು ಹಿಡಿಸದಿದ್ದರೆ ಬೇರೆ ಕೊಡಿ ಎಂದು ಕೇಳುವಂತಿಲ್ಲ. ಅವಳು ಸೋತ ವಿಷಯವನ್ನೇ ಹಿಡಿದು ನಾನೇ ಒಂದು ಕಾರ್ಡು ತಯಾರಿಸಿದೆ: ನೀವು ಮಾಡಿ ನೋಡಲು ಇಷ್ಟಪಡುವ ಒಂದು ನೀರಿನ ಆಟದ ಬಗ್ಗೆ ಹೇಳಿ. ಅದು ಯಾವುದು, ಎಲ್ಲಿ ಆಡುವಿರಿ, ಏನೇನು ಬೇಕು, ಏಕೆ ಇಷ್ಟ.

ಮೊದಲ ಸಲ ಅವಳು, ತನಗೆ ಈಜು ಬರುವುದಿಲ್ಲ, ನೀರಿನ ಆಟ ಯಾವುದೂ ಗೊತ್ತಿಲ್ಲ ಎಂದು ಹೇಳಿ 25 ಸೆಕೆಂಡಿಗೆ ನಿಲ್ಲಿಸಿದಳು. ಹಾಳೆ ನೋಡಿದೆ. ಆ ಒಂದು ನಿಮಿಷದಲ್ಲಿ ಅವಳು ಇಂಗ್ಲಿಷಿನಲ್ಲಿ ಒಂದೂವರೆ ವಾಕ್ಯ ಬರೆದು, ಅದರ ಕಾಗುಣಿತ ತಿದ್ದುತ್ತ ಕುಳಿತಿದ್ದಳು.

"ಪುಟ್ಟಿ, ಕಾರ್ಡು ಇನ್ನೊಂದ್ಸಲ ಓದು. ಆಡಿದ ಆಟ ಅಂತಿದೆಯಾ, ಆಡಬೇಕು ಅಂತಿರೋ ಆಟ ಅಂತಿದೆಯಾ?"

ಓದಿದಳು. ಅವಳ ಮುಖ ಬದಲಾಯಿತು. ಮಾಡಿ ನೋಡಬೇಕೆಂಬ ಆಟ ಎಂದ ಮೇಲೆ ಅದನ್ನು ಇನ್ನೂ ಮಾಡಿಲ್ಲ ಎಂದೇ ಅರ್ಥ. ಈಜು ಬರದಿರುವುದು ಪ್ರಶ್ನೆಯೊಳಗೇ ಇತ್ತು. ಗಾಬರಿಯಲ್ಲಿ 'ನೀರಿನ ಆಟ' ಎಂಬ ಎರಡು ಪದ ಮಾತ್ರ ಕಣ್ಣಿಗೆ ಬಿದ್ದು, ಅದರ ಹಿಂದಿನ ಕ್ರಿಯಾಪದ ಕಾಣಿಸಿರಲಿಲ್ಲ.

ಆಮೇಲೆ ಕೇಳಿದೆ, "ನೀರಿನ ಹತ್ತಿರ ಹೋದವರು ಯಾರಾದರೂ ನಿನಗೆ ಗೊತ್ತಾ?" ಅವಳ ಚಿಕ್ಕಮ್ಮನ ಮಗ ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್ ಮಾಡಿದ್ದ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಕುಳಿತು, ಕಲ್ಲುಗಳ ನಡುವೆ ನೊರೆಯಾಗಿ ಹರಿಯುವ ನೀರಲ್ಲಿ ಹುಟ್ಟು ಹಾಕಿಕೊಂಡು ಸಾಗುವುದು. ಅವನು ತೋರಿಸಿದ ವೀಡಿಯೊ ಅವಳಿಗೆ ನೆನಪಿತ್ತು. ಈ ಸಲ ಹಾಳೆಯಲ್ಲಿ ವಾಕ್ಯ ಬೇಡ, ಪದ ಮಾತ್ರ ಬರಿ ಎಂದೆ. ಬರೆದಳು: ಕಾಳಿ, ತಮ್ಮ, ವೀಡಿಯೊ, ಜಾಕೆಟ್, ಭಯ, ಏಕೆ. ಆರೇ ಪದ. ತನಗೆ ಈಜು ಬರುವುದಿಲ್ಲ ಎಂದೇ ಶುರುಮಾಡಿದಳು. ತಮ್ಮ ತೋರಿಸಿದ ವೀಡಿಯೊದಲ್ಲಿ ಏನಿತ್ತು, ಲೈಫ್ ಜಾಕೆಟ್ಟು ಹೆಲ್ಮೆಟ್ಟು ಇಲ್ಲದೆ ದೋಣಿ ಹತ್ತಲು ಬಿಡುವುದಿಲ್ಲವಂತೆ, ಹಗಲು ರಾತ್ರಿ ಆಸ್ಪತ್ರೆಯ ನಾಲ್ಕು ಗೋಡೆ ನೋಡುವವಳಿಗೆ ಒಂದು ದಿನ ಹಾಗೆ ಕಿರುಚಿಕೊಂಡು ಬರಬೇಕು ಅನ್ನಿಸುತ್ತದೆ. ಒಂದು ನಿಮಿಷ ಹತ್ತು ಸೆಕೆಂಡು. ಎರಡು ದಿನ ಬಿಟ್ಟು ಇದೇ ರೀತಿ ಬೇರೆ ಕಾರ್ಡು ಕೊಟ್ಟಾಗ ಒಂದು ನಿಮಿಷ ಐವತ್ತು. ಎರಡು ನಿಮಿಷಕ್ಕೆ ಅವರೇ ನಿಲ್ಲಿಸುತ್ತಾರೆ, ಅದು ತಪ್ಪು ಮಾಡಿದ್ದಕ್ಕಲ್ಲ, ನಿಯಮ.

ಇದರಲ್ಲಿ ಒಂದು ಅಪಾಯವೂ ಇದೆ. ಹಸುವಿನ ಪ್ರಬಂಧ ಬಾಯಿಪಾಠ ಮಾಡಿದ್ದ ಹುಡುಗನಿಗೆ ಪರೀಕ್ಷೆಯಲ್ಲಿ ಮರದ ಮೇಲೆ ಬರೆಯಲು ಬಂತಂತೆ. ಅವನು ಮರಕ್ಕೆ ಹಸುವನ್ನು ಕಟ್ಟಿ, ಮುಂದೆಲ್ಲ ಹಸುವಿನದೇ ಬರೆದನಂತೆ. ಪುಟ್ಟಿಯೂ ಒಂದು ದಿನ ಹಾಗೇ ಮಾಡಿದಳು. 'ನಿಮಗೆ ಇಷ್ಟವಾದ ಒಂದು ಕಟ್ಟಡ' ಎಂದು ಕಾರ್ಡು ಕೊಟ್ಟರೆ, ಅಲ್ಲಿಗೆ ಅಮ್ಮನ ಜೊತೆ ಹೋಗಿದ್ದೆ ಎಂದು ಹೇಳಿ, ಕೋಚಿಂಗಿನಲ್ಲಿ ಉರುಹೊಡೆದಿದ್ದ ಅಮ್ಮನ ವರ್ಣನೆ ಶುರುಮಾಡಿದಳು. ಅದರ ಇಂಗ್ಲಿಷು ಚೆನ್ನಾಗಿತ್ತು, ಅದೇ ತೊಂದರೆ. ಒಮ್ಮೆಲೇ ಭಾಷೆ ಏರಿ, ಉರು ಮುಗಿದ ಕೂಡಲೇ ಇಳಿಯಿತು. ನನ್ನಂಥವನಿಗೇ ಕೇಳಿಸಿತು ಎಂದ ಮೇಲೆ ದಿನಕ್ಕೆ ಹತ್ತಾರು ಜನರನ್ನು ಕೇಳುವವರಿಗೆ ಕೇಳಿಸದೇ ಇರುತ್ತದೆಯೇ? ಗೊತ್ತಿಲ್ಲದ ವಿಷಯವನ್ನು ಗೊತ್ತಿರುವ ಮನೆಯ ಹತ್ತಿರಕ್ಕೆ ಕರೆದುಕೊಂಡು ಬರಬಹುದು, ಆದರೆ ಕಾರ್ಡಿನಲ್ಲಿ ಕೇಳಿದ್ದು ಕೊನೆಯವರೆಗೂ ಜೊತೆಯಲ್ಲಿರಬೇಕು. ರ‍್ಯಾಫ್ಟಿಂಗ್ ಮಾತಿನಲ್ಲಿ ತಮ್ಮನೂ ಇದ್ದ, ನದಿಯೂ ಇತ್ತು. ಈ ಮಾತಿನಲ್ಲಿ ಕಟ್ಟಡ ಬಾಗಿಲಲ್ಲೇ ಉಳಿದುಹೋಗಿತ್ತು.

ಒಂದು ಸಂಜೆ ಮೂರನೆಯ ಭಾಗದ ಅಭ್ಯಾಸ. "ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ನೀರಿನ ಆಟಗಳನ್ನು ಕಲಿಸಬೇಕೇ?" ಎಂದು ಕೇಳಿದೆ. ಪುಟ್ಟಿ ಸ್ವಲ್ಪ ತಡೆದು, ಇದನ್ನು ಹಿಂದೆ ಯೋಚಿಸಿಲ್ಲ ಎಂದಳು. ನಂತರ, ಆಟಕ್ಕಿಂತ ಮೊದಲು ಈಜು ಕಲಿಸಬೇಕು ಎಂದಳು. ಏಕೆ ಎಂದೆ. ಕಳೆದ ಬೇಸಿಗೆ ರಜದಲ್ಲಿ ಅವಳ ವಾರ್ಡಿಗೆ ಹನ್ನೊಂದು ವರ್ಷದ ಹುಡುಗನನ್ನು ತಂದಿದ್ದರಂತೆ. ಗೆಳೆಯರ ಜೊತೆ ಕೆರೆಗೆ ಇಳಿದವನು. ಬದುಕಲಿಲ್ಲ. ಅವನ ಒದ್ದೆ ಶರ್ಟನ್ನು ಮಡಿಚಿ ತಾಯಿಯ ಕೈಗೆ ಕೊಟ್ಟದ್ದು ತಾನೇ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಲ್ಲಿ ವ್ಯಾಕರಣ ತಪ್ಪಿತು, ಒಂದು ಪದಕ್ಕೆ ತಡಕಾಡಿದಳು, ಆದರೆ ಎಲ್ಲೂ ನಿಲ್ಲಲಿಲ್ಲ. ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ನನ್ನಾಕೆಗೆ ಇಂಗ್ಲಿಷ್ ಬರುವುದಿಲ್ಲ, ಆದರೂ ಬಾಗಿಲಲ್ಲಿ ಬಂದು ನಿಂತಿದ್ದಳು.

ಪಕ್ಕದ ಮನೆಯ ಹುಡುಗ ಪಿಯುಸಿಯಲ್ಲಿದ್ದಾನೆ. ನಮ್ಮ ಈ ಅಭ್ಯಾಸವನ್ನು ಕಿಟಕಿಯಿಂದ ಕೇಳಿ ಕೇಳಿ, "ತಾತ, ಪ್ರಾಕ್ಟಿಕಲ್ಸ್ ವೈವಾದಲ್ಲೂ ಹೀಗೇ ಹೇಳಬಹುದಾ?" ಎಂದ. ಈ ಪತ್ರಿಕೆ ಓದುವ ಮಕ್ಕಳಿಗೂ ಇದೇ ಪ್ರಶ್ನೆ ಬಂದಿರಬಹುದು. ಪ್ರಶ್ನೆಯನ್ನು ಮತ್ತೆ ಕೇಳುವ ರೀತಿ ಎಲ್ಲ ಕಡೆಯೂ ಅದೇ. ಆದರೆ ವೈವಾದಲ್ಲಿ, ಕೆಲಸದ ಇಂಟರ್‌ವ್ಯೂಗಳಲ್ಲಿ ಅಂಕ ವಿಷಯಕ್ಕೆ. ಅಲ್ಲಿ ಗೊತ್ತಿಲ್ಲದ್ದನ್ನು ಚಿಕ್ಕಮ್ಮನ ಮಗನ ಕಥೆಯಿಂದ ತುಂಬಿದರೆ ನಡೆಯುವುದಿಲ್ಲ. "ಇದು ನನಗೆ ಗೊತ್ತಿಲ್ಲ ಸಾರ್" ಎಂದು ಒಂದೇ ಮಾತಿನಲ್ಲಿ ಹೇಳಬೇಕು. ಅದಕ್ಕೆ ಹತ್ತಿರದ್ದು ಏನಾದರೂ ನಿಜವಾಗಿ ಗೊತ್ತಿದ್ದರೆ, ಹೇಳಲೇ ಎಂದು ಕೇಳಿ ಹೇಳಬೇಕು. 1991ರಲ್ಲಿ ನಾನು, "ಫ್ಯಾಕ್ಟರಿಂಗ್ ಗೊತ್ತಿಲ್ಲ ಸಾರ್, ಬಿಲ್ ಡಿಸ್ಕೌಂಟಿಂಗ್ ಗೊತ್ತು, ಹೇಳಲೇ?" ಎಂದಿದ್ದರೆ ಅವರು ಹೇಳು ಎನ್ನುತ್ತಿದ್ದರೋ ಏನೋ. ಎರಡೂ ಹತ್ತಿರದ ನೆಂಟರು.

ಜೂನ್ ತಿಂಗಳಲ್ಲಿ ಪುಟ್ಟಿ ಮತ್ತೆ ಪರೀಕ್ಷೆಗೆ ಕುಳಿತಳು. ಅಂದು ಮಧ್ಯಾಹ್ನ ಫೋನ್ ಮಾಡಿ ಮೊದಲು ನಕ್ಕಳು.

"ತಾತ, ಮೊದಲನೇ ಭಾಗದಲ್ಲೇ ನಿಮ್ಮ ಫ್ಯಾಕ್ಟರಿ ಬಂದಿತ್ತು."

ಆಗಿದ್ದು ಇಷ್ಟು. ಪರೀಕ್ಷಕಿ, "ಡು ಯು ಲೈಕ್ ಮ್ಯಾಪ್ಸ್?" ಎಂದು ಕೇಳಿದ್ದಾರೆ. ನಕ್ಷೆ ನೋಡುವುದು ಇಷ್ಟವೇ ಎಂದು. ಇವಳಿಗೆ ಕೇಳಿಸಿದ್ದು "ನ್ಯಾಪ್ಸ್". ಹಗಲು ಹೊತ್ತು ಒಂದು ಕೋಳಿನಿದ್ದೆ ತೆಗೆಯುವುದು ಇಷ್ಟವೇ ಎಂದು. ರಾತ್ರಿ ಪಾಳಿ ಮಾಡುವವಳಿಗೆ ನಿದ್ದೆಯ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟಿತ್ತು, ಬಾಯಿ ತೆರೆದೂ ಆಗಿತ್ತು. ಏನೋ ಅನುಮಾನ ಬಂದು, "ಸಾರಿ, ಕುಡ್ ಯು ರಿಪೀಟ್ ದಟ್, ಪ್ಲೀಸ್?" ಎಂದಳಂತೆ. ಆಕೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಓದಿದರು. ಮತ್ತೂ ಸ್ಪಷ್ಟವಾಗಲಿಲ್ಲ. ಆಗ ಇವಳು, "ಮ್ಯಾಪ್ಸ್, ಅಂದರೆ ಫೋನಿನಲ್ಲಿ ದಾರಿ ನೋಡುವಂಥದ್ದೇ?" ಎಂದು ಕೇಳಿದಳು. ಆಕೆ "ಯೆಸ್, ಮ್ಯಾಪ್ಸ್" ಎಂದರು. ಅಲ್ಲಿಂದ ಮುಂದೆ ಹಾಸನದಿಂದ ಬೆಂಗಳೂರಿಗೆ ಮೊದಲ ಸಲ ಬಂದಾಗ ದಾರಿ ತಪ್ಪಿದ ಕಥೆ.

"ಕಾರ್ಡು ಏನು ಬಂತು?"

"ಕಸವನ್ನ ಮತ್ತೆ ಉಪಯೋಗಿಸೋದರ ಬಗ್ಗೆ. ಮೊದಲು ತಲೆ ಖಾಲಿ ಆಯ್ತು. ಆಮೇಲೆ ಅಜ್ಜಿ ಹಳೇ ಸೀರೆಯಲ್ಲಿ ಕೌದಿ ಹೊಲಿಸಿದ್ದು ನೆನಪಾಯ್ತು. ಅವರೇ ನಿಲ್ಲಿಸೋವರೆಗೂ ಮಾತಾಡಿದೆ."

ಕೆಲವು ದಿನಗಳಲ್ಲಿ ಫಲಿತಾಂಶ ಬಂತು. ಮಾತಿನಲ್ಲಿ 7. ಸರಿಯಾಗಿ ಬೇಕಾದಷ್ಟೇ, ಒಂದು ಕಾಳು ಹೆಚ್ಚಿಲ್ಲ. ಬಾಕಿ ಮೂರರಲ್ಲೂ ಬೇಕಾದಷ್ಟು ಬಂದಿತ್ತು.

ಈಗ ಅವಳು ಇಂಗ್ಲೆಂಡಿನಲ್ಲಿದ್ದಾಳೆ. ಭಾನುವಾರ ನಮ್ಮ ಸಂಜೆಯ ಹೊತ್ತಿಗೆ ವೀಡಿಯೊ ಕರೆ ಮಾಡುತ್ತಾಳೆ. ಅಲ್ಲಿನ ಮುದುಕರ ಇಂಗ್ಲಿಷು ಬೇರೆಯೇ ಥರವಂತೆ, ದಿನಕ್ಕೆ ಇಪ್ಪತ್ತು ಸಲವಾದರೂ ಇನ್ನೊಂದ್ಸಲ ಹೇಳ್ತೀರಾ ಎಂದು ಕೇಳುತ್ತಾಳಂತೆ. ನನ್ನ ಎಡಗಿವಿ ಈಗ ಅಷ್ಟಕ್ಕಷ್ಟೇ. ಅವಳು ಏನಾದರೂ ಹೇಳಿದರೆ ನಾನು ಹಳೆಯ ಅಭ್ಯಾಸದಂತೆ 'ಹೂಂ, ಹೂಂ' ಎಂದು ತಲೆಯಾಡಿಸುತ್ತೇನೆ. ಅವಳು ತಕ್ಷಣ ಮಾತು ನಿಲ್ಲಿಸಿ ಮಣಿಕಟ್ಟಿನ ಗಡಿಯಾರ ನೋಡುತ್ತಾಳೆ.

"ತಾತ, ನಾನು ಏನು ಹೇಳಿದೆ, ಹೇಳಿ ನೋಡೋಣ?"